ಮೊದಲ ವಾರಕ್ಕೆ ಕಾಲಾಳು ಸಾಕು

“ಮೊದಲ ವಾರವೇ ಎಲ್ಲಾ ಕಾಯಿಗಳ ನಡೆ ಕಲಿಸಿಬಿಡಿ, ಪುಟ್ಟ ಆಟಗಳು ಆಮೇಲೆ.”

ಮಕ್ಕಳಿಗೆ ನಾಲ್ಕು ವಾರದಲ್ಲಿ ಚೆಸ್ ಕಲಿಸುವ ಬಗ್ಗೆ ಬಂದ ಈ ಸಲಹೆಯೊಂದನ್ನು ಒಪ್ಪಲಾರೆ. ಏಳು ವರ್ಷದವರಿಗೆ ಮೊದಲ ವಾರ ಕಾಲಾಳು ಸಾಕು. ಇಬ್ಬರಿಗೂ ಎಂಟೆಂಟು ಕೊಡಿ, ಆಚೆ ತುದಿ ಮೊದಲು ಮುಟ್ಟಿದವರು ಗೆದ್ದಂತೆ. ನೇರ ನಡೆದು ಓರೆಯಾಗಿ ಹೊಡೆಯುವ ಕಾಯಿ ಇದೊಂದೇ ಅಲ್ವಾ? ಎದುರಿನ ಕಾಲಾಳನ್ನು ನೇರವಾಗಿ ಎತ್ತಿಕೊಳ್ಳುವ ಮಗುವಿಗೆ ಈಗಲೇ ಕುದುರೆ ಕೊಟ್ಟರೆ ಎರಡೂ ಕಲಸಿಹೋಗುತ್ತವೆ. ಸರದಿ ಬಂದಾಗ ನಡೆಯೇ ಇಲ್ಲದಿದ್ದರೆ ಡ್ರಾ ಅಂತ ಈಗಲೇ ನಿಯಮ ಮಾಡಿ. ಆಗ ನಾಲ್ಕನೇ ವಾರ ರಾಜ ಬಂದಾಗ, ಚೆಕ್ ಇಲ್ಲದಿದ್ದರೂ ನಡೆಯೇ ಉಳಿಯದ ಸ್ಟೇಲ್‌ಮೇಟ್ ಬಗ್ಗೆ ಜಾಸ್ತಿ ವಿವರಿಸಬೇಕಿಲ್ಲ. ಎರಡನೇ ವಾರ ಒಂದು ಕಡೆ ಬರೀ ಆನೆ, ಇನ್ನೊಂದು ಕಡೆ ಮೂರು ಕಾಲಾಳು ಇಟ್ಟು, ಪಕ್ಷ ಬದಲಿಸಿ ಆಡಿಸಿ. ಎರಡು ಮನೆ ಜಿಗಿದು ಪಕ್ಕಕ್ಕೆ ಬಂದ ಕಾಲಾಳನ್ನು ಒಂದೇ ಮನೆ ನಡೆದಂತೆ ಹೊಡೆಯುವ ಆನ್‌ಪಾಸಾಂಟ್ ಮಾತ್ರ ಈ ನಾಲ್ಕು ವಾರದಲ್ಲಿ ಬೇಡವೇ ಬೇಡ, ಸುಮ್ನೆ ಜಗಳಕ್ಕೆ ದಾರಿ.