ಗ್ರೈಂಡಿಂಗ್‌ನಲ್ಲಿ ಉಜ್ಜಿ ತೆಗೆಯಲೆಂದು ಶಾಫ್ಟಿನ ಮೇಲೆ ಸ್ಟಾಕ್ ಎಷ್ಟು ಬಿಡಬೇಕೆಂದು ಬರೆಯುವವರು ಆ ಶಾಫ್ಟನ್ನು ಒಮ್ಮೆಯಾದರೂ ಡಯಲ್ ಇಟ್ಟು ತಿರುಗಿಸಿ ನೋಡಿದ್ದಾರೆಯೇ?

ಪೀಣ್ಯದಲ್ಲಿ ಎರಡು ಸಿಲಿಂಡ್ರಿಕಲ್ ಗ್ರೈಂಡಿಂಗ್ ಮೆಷಿನ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವವನು ನಾನು. ಟರ್ನಿಂಗ್ ಒಬ್ಬರದು, ಹೀಟ್ ಟ್ರೀಟ್‌ಮೆಂಟ್ ಮತ್ತೊಬ್ಬರದು, ಪ್ರೊಸೆಸ್ ಶೀಟ್ ಬರೆಯುವುದು ಕಂಪನಿಯ ಪ್ಲಾನಿಂಗ್ ವಿಭಾಗದವರದು. ಇವರೆಲ್ಲರ ಕೈ ದಾಟಿ ಶಾಫ್ಟ್ ಕಟ್ಟಕಡೆಗೆ ನನ್ನ ಬಳಿಗೆ ಬರುತ್ತದೆ. ಹೀಗಾಗಿ ಹಿಂದೆ ಯಾರು ಏನೇ ತಪ್ಪು ಮಾಡಿರಲಿ, ಅದು ಕಣ್ಣಿಗೆ ಕಾಣುವುದು ನನ್ನ ಮೆಷಿನ್ ಮೇಲೆ, ಡೆಬಿಟ್ ನೋಟ್ ಬರುವುದೂ ನನ್ನ ಹೆಸರಿಗೆ. ಆರು ತಿಂಗಳಿಂದ ಒಂದೇ ಶಾಫ್ಟಿನ ವಿಷಯದಲ್ಲಿ ಇದನ್ನು ಸಹಿಸಿಕೊಂಡು ಬಂದಿದ್ದೇನೆ. ಇವತ್ತು ಬರೆಯದೆ ಇರಲಾಗುತ್ತಿಲ್ಲ.

ಶಾಫ್ಟ್ ಇಎನ್ 353 ಉಕ್ಕಿನದು, ಉದ್ದ 440 ಮಿಲಿಮೀಟರ್. ಎರಡು ತುದಿಗಳಲ್ಲಿ ಬೇರಿಂಗ್ ಕೂರುವ 25ರ ಡಯಾ, ನಡುವೆ ಗೇರ್ ಕೂರುವ 28ರ ಡಯಾ, ಆ ನಡುಭಾಗದಲ್ಲಿ ಒಂದು ಕೀವೇ. ಕಾರ್ಬುರೈಸ್ ಮಾಡಿ, ಎಣ್ಣೆಯಲ್ಲಿ ಕ್ವೆಂಚ್ ಮಾಡಿ, ಟೆಂಪರ್ ಮಾಡಿದ ಮೇಲೆ ನಾನು ಈ ಮೂರೂ ಡಯಾಗಳನ್ನು ಗ್ರೈಂಡ್ ಮಾಡಿಕೊಡಬೇಕು. ಗ್ರೈಂಡಿಂಗ್ ಮುಗಿದ ಮೇಲೆ ಕೇಸ್ ಡೆಪ್ತ್, ಅಂದರೆ ಮೇಲಿನ ಗಟ್ಟಿ ಪದರದ ಆಳ, 0.7ರಿಂದ 1.1 ಮಿಲಿಮೀಟರ್ ಉಳಿದಿರಬೇಕು ಎಂದು ಡ್ರಾಯಿಂಗ್ ಹೇಳುತ್ತದೆ. 'ಗ್ರೈಂಡಿಂಗ್ ಮುಗಿದ ಮೇಲೆ' ಎಂಬ ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಕಂಪನಿಯಲ್ಲಿ ಅದನ್ನು ನೆನಪಿಟ್ಟುಕೊಂಡವರು ಒಬ್ಬರೂ ಇಲ್ಲ.

ಮೊದಲ ಲಾಟಿನಲ್ಲಿ ನಲವತ್ತು ಶಾಫ್ಟ್ ಬಂದವು. ಎಲ್ಲ ಡಯಾಗಳ ಮೇಲೂ 0.2 ಸ್ಟಾಕ್ ಬಿಡಲಾಗಿತ್ತು. ಈ 0.2 ಎಲ್ಲಿಂದ ಬಂತೆಂದು ವಿಚಾರಿಸಿದಾಗ, ಹಿಂದೆ ಮಾಡಿಸಿದ್ದ ಒಂದು ಬುಷ್‌ನ ಪ್ರೊಸೆಸ್ ಶೀಟಿನಿಂದ ಬಂದಿದೆ ಎಂದು ತಿಳಿಯಿತು. ಅರವತ್ತು ಮಿಲಿಮೀಟರ್ ಉದ್ದದ ಗಿಡ್ಡ ಬುಷ್ ಬೆಂಕಿಗೆ ಹೋಗಿ ಬಂದರೆ ಅಳತೆಯಲ್ಲಿ ಒಂದಿಷ್ಟು ಹಿಗ್ಗಬಹುದು ಅಥವಾ ಕುಗ್ಗಬಹುದು, ಆದರೆ ಬಾಗುವುದಿಲ್ಲ. ತನ್ನ ಡಯಾದ ಹದಿನೈದು ಪಟ್ಟಿಗಿಂತ ಹೆಚ್ಚು ಉದ್ದವಿರುವ ಶಾಫ್ಟ್ 920 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕುಳಿತು ಎಣ್ಣೆಗೆ ಬಿದ್ದರೆ ಬಾಗದೆ ಇನ್ನೇನು ಮಾಡೀತು? ಬುಷ್‌ನ ಸಂಖ್ಯೆಯನ್ನು ಶಾಫ್ಟಿಗೆ ಬರೆಯುವುದೆಂದರೆ ಮಗುವಿನ ಅಂಗಿಯ ಅಳತೆ ಹಿಡಿದು ಅಪ್ಪನಿಗೆ ಹೊಲಿಸಿದಂತೆ.

ಗ್ರೈಂಡಿಂಗ್ ಶುರು ಮಾಡುವ ಮುನ್ನ ನಾನು ಪ್ರತಿಯೊಂದು ಶಾಫ್ಟಿನ ಸೆಂಟರುಗಳನ್ನು ಉಜ್ಜಿ ಶುಚಿಗೊಳಿಸುತ್ತೇನೆ, ಏಕೆಂದರೆ ಸೆಂಟರಿನಲ್ಲಿ ಕರಿ ಕೂತಿದ್ದರೆ ಡಯಲ್ ಸುಳ್ಳು ಹೇಳುತ್ತದೆ. ಆಮೇಲೆ ಎರಡು ಸೆಂಟರುಗಳ ನಡುವೆ ಹಿಡಿದು, ಗೇರ್ ಕೂರುವ ಜಾಗದಲ್ಲಿ ಡಯಲ್ ಇಟ್ಟು ಕೈಯಿಂದ ಒಂದು ಸುತ್ತು ತಿರುಗಿಸುತ್ತೇನೆ. ಒಂದು ಶಾಫ್ಟಿಗೆ ಎರಡು ನಿಮಿಷವೂ ಹಿಡಿಯದ ಕೆಲಸ ಇದು. ಆ ಒಂದು ಸುತ್ತಿನಲ್ಲಿ ಡಯಲ್ ಮುಳ್ಳು ಒಟ್ಟು ಎಷ್ಟು ಓಡಾಡುತ್ತದೋ ಅದೇ ರನ್‌ಔಟ್. ಆ ಲಾಟಿನಲ್ಲಿ ಅತಿ ಕಡಿಮೆ ರನ್‌ಔಟ್ ತೋರಿಸಿದ್ದು 0.08, ಅತಿ ಹೆಚ್ಚು 0.46. ಹದಿನೇಳು ಶಾಫ್ಟುಗಳು 0.25 ದಾಟಿದ್ದವು.

ಇಲ್ಲಿ ಲೆಕ್ಕ ಎಷ್ಟು ಸರಳವಾಗಿದೆ ಎಂದರೆ ಅದನ್ನು ಮಾಡದವರ ಮೇಲೆ ಸಿಟ್ಟು ಬರುವುದೇ ಆ ಕಾರಣಕ್ಕೆ. ಶಾಫ್ಟಿನ ನಡುಭಾಗ ಅಕ್ಷದಿಂದ ಎಷ್ಟು ಸರಿದಿದೆಯೋ ಅದರ ಎರಡು ಪಟ್ಟನ್ನು ಡಯಲ್ ತೋರಿಸುತ್ತದೆ. ಡಯಾದ ಮೇಲೆ ಬಿಟ್ಟ ಸ್ಟಾಕ್ ಕೂಡ ಒಂದು ಬದಿಯಲ್ಲಿರುವುದರ ಎರಡು ಪಟ್ಟು. ಆದ್ದರಿಂದ ಎರಡನ್ನೂ ನೇರವಾಗಿ ಪಕ್ಕಪಕ್ಕ ಇಟ್ಟು ನೋಡಬಹುದು: ಡಯಲ್ ಮುಳ್ಳಿನ ಒಟ್ಟು ಓಡಾಟವು ಡಯಾದ ಮೇಲಿನ ಸ್ಟಾಕಿಗಿಂತ ಹೆಚ್ಚಿದ್ದರೆ, ಆ ಶಾಫ್ಟಿನ ಒಂದು ಬದಿಗೆ ವೀಲ್ ಮುಟ್ಟುವುದೇ ಇಲ್ಲ. ಹೀಟ್ ಟ್ರೀಟ್‌ಮೆಂಟಿನಲ್ಲಿ ಡಯಾ 0.02ರಷ್ಟು ಹಿಗ್ಗಿದ್ದರಿಂದ ನನಗೆ ನಿಜವಾಗಿ ಸಿಕ್ಕಿದ್ದು 0.22. ರನ್‌ಔಟ್ 0.25 ದಾಟಿದ ಹದಿನೇಳರಲ್ಲಿಯೂ ಗೇರ್ ಕೂರುವ ಜಾಗದಲ್ಲಿ ಕಪ್ಪು ಪಟ್ಟೆ ಹಾಗೆಯೇ ಉಳಿಯಿತು, ಡಯಾ ಮಾತ್ರ ಫೈನಲ್ ಸೈಜಿಗೆ ಬಂದಿತ್ತು. ತಮಾಷೆಯೆಂದರೆ ತುದಿಯ ಬೇರಿಂಗ್ ಜಾಗಗಳು ಒಂದರಲ್ಲೂ ಕಪ್ಪು ಉಳಿಯಲಿಲ್ಲ. ಬಿಲ್ಲಿನಂತೆ ಬಾಗಿದ ಶಾಫ್ಟಿನಲ್ಲಿ ಸೆಂಟರಿನ ಸಮೀಪದ ಜಾಗ ಹೆಚ್ಚು ಸರಿಯುವುದಿಲ್ಲ, ನಡುವೆ ಇರುವುದೇ ಅತಿ ಹೆಚ್ಚು ಸರಿಯುತ್ತದೆ. ತುದಿಗೆ 0.15 ಬಿಟ್ಟಿದ್ದರೂ ಸಾಕಾಗಿತ್ತು, ನಡುವೆ 0.2 ಸಾಲಲಿಲ್ಲ. ಮೂರಕ್ಕೂ ಒಂದೇ ಸಂಖ್ಯೆ ಬರೆದವರಿಗೆ ಈ ಶಾಫ್ಟ್ ಯಾವ ಆಕಾರದಲ್ಲಿ ಬಾಗೀತು ಎಂಬ ಯೋಚನೆಯೇ ಬಂದಿರಲಿಲ್ಲ.

ನಾನು ಫೋಟೊ ಕಳಿಸಿ, ರನ್‌ಔಟ್ ಪಟ್ಟಿ ಕಳಿಸಿ, ಸ್ಟ್ರೈಟ್‌ನಿಂಗ್ ಮಾಡಿಸಿಲ್ಲವೇಕೆ ಎಂದು ಕೇಳಿದೆ. ಹೀಟ್ ಟ್ರೀಟ್‌ಮೆಂಟಿನವರನ್ನು ಕೇಳಿದರೆ, "ನಮ್ಮ ಚಲನ್‌ನಲ್ಲಿ ಹಾರ್ಡ್‌ನೆಸ್ ಇದೆ, ಕೇಸ್ ಡೆಪ್ತ್ ಇದೆ. ರನ್‌ಔಟ್ ಎಷ್ಟರೊಳಗೆ ಕೊಡಬೇಕೆಂದು ಯಾರೂ ಬರೆದಿಲ್ಲವಲ್ಲ ಸ್ವಾಮಿ" ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ಬರೆಯದಿದ್ದನ್ನು ಅವರು ಏಕೆ ಮಾಡಬೇಕು? ಕಂಪನಿಯಿಂದ ಬಂದ ಉತ್ತರ ಮಾತ್ರ ಹದಿನೇಳು ಶಾಫ್ಟುಗಳ ಡೆಬಿಟ್ ನೋಟ್.

ಎರಡನೆಯ ಲಾಟಿನ ಕಥೆ ಇದಕ್ಕಿಂತ ಘೋರ. "ಈ ಸಲ ನಿಮಗೆ ತೊಂದರೆಯಾಗದ ಹಾಗೆ 0.6 ಬಿಟ್ಟಿದ್ದೇವೆ, ಇಷ್ಟಿರುವಾಗ ಸ್ಟ್ರೈಟ್‌ನಿಂಗ್ ಏಕೆ ಬೇಕು ಸರ್" ಎಂದು ಪ್ಲಾನಿಂಗ್‌ನವರು ಉಪಕಾರ ಮಾಡಿದವರಂತೆ ಹೇಳಿದರು. ಆಗಲೇ ನಾನು ಬೇಡವೆಂದೆ. ಪಾಸ್ ಒಂದಕ್ಕೆ ಡಯಾದ ಮೇಲೆ 0.02 ತೆಗೆದರೂ ಮೂವತ್ತು ಪಾಸ್ ಆಗುತ್ತದೆ ಎಂಬುದು ನನ್ನ ತೊಂದರೆ, ಅದಿರಲಿ. ಆದರೆ ಕಾರ್ಬುರೈಸ್ ಆದ ಗಟ್ಟಿ ಪದರವೇ ಒಂದು ಮಿಲಿಮೀಟರ್ ಇಲ್ಲದಿರುವಾಗ ಅದನ್ನು ಇಷ್ಟೊಂದು ಉಜ್ಜಿ ತೆಗೆದರೆ ಉಳಿಯುವುದೇನು ಎಂದು ಕೇಳಿದ್ದಕ್ಕೆ ಯಾರೂ ಉತ್ತರಿಸಲಿಲ್ಲ. ಡ್ರಾಯಿಂಗಿನ 0.7ರಿಂದ 1.1 ಎಂಬ ಸಂಖ್ಯೆಯನ್ನೇ ಯಾವ ಬದಲಾವಣೆಯೂ ಇಲ್ಲದೆ ಹೀಟ್ ಟ್ರೀಟ್‌ಮೆಂಟಿನ ಚಲನ್‌ಗೆ ಇಳಿಸಿದ್ದರು. ಅವರು ನಡುಮಟ್ಟದಲ್ಲಿ 0.9 ಕೊಟ್ಟು, ರಿಪೋರ್ಟ್ ಲಗತ್ತಿಸಿ ಕೈತೊಳೆದುಕೊಂಡರು.

ಈಗ ಕೂತು ಕಳೆಯಿರಿ. ಒಂದಿಷ್ಟೂ ಬಾಗದ ಶಾಫ್ಟ್ ಎಂದೇ ಇಟ್ಟುಕೊಳ್ಳೋಣ. ಬದಿಗೆ 0.3 ತೆಗೆದರೆ 0.9ರಲ್ಲಿ ಉಳಿಯುವುದು 0.6. ಅಂದರೆ ಕಡ್ಡಿಯಂತೆ ನೇರವಾಗಿದ್ದರೂ ಆ ಲಾಟ್ ಪೂರ್ತಿ ರಿಜೆಕ್ಟ್. ನಾನು ಮೊದಲ ವೀಲ್ ಮುಟ್ಟಿಸುವ ಮುಂಚೆಯೇ ನಲವತ್ತೂ ಶಾಫ್ಟುಗಳು ಕಾಗದದ ಮೇಲೆ ಸತ್ತಿದ್ದವು. ರನ್‌ಔಟ್ 0.40 ಇದ್ದ ಶಾಫ್ಟಿನಲ್ಲಂತೂ ಉಬ್ಬಿದ ಬದಿಯಿಂದ ಬದಿಯ ಸ್ಟಾಕ್ 0.3ರ ಜೊತೆಗೆ ಸರಿದ ಅಳತೆ 0.2 ಸೇರಿ 0.5 ಹೋಗುತ್ತದೆ, ಎದುರು ಬದಿಯಿಂದ 0.1 ಮಾತ್ರ. ಒಂದೇ ಶಾಫ್ಟಿನ ಒಂದು ಬದಿಯಲ್ಲಿ 0.4 ಕೇಸ್, ಇನ್ನೊಂದು ಬದಿಯಲ್ಲಿ 0.8. ಕಂಪನಿಯವರು ಒಂದನ್ನು ಹಾರ್ಡ್‌ನೆಸ್ ನೋಡಿದಾಗ ಒಂದು ಬದಿ 59 ಎಚ್‌ಆರ್‌ಸಿ, ಎದುರು ಬದಿ 55 ಬಂತು. "ನಿಮ್ಮ ಗ್ರೈಂಡಿಂಗ್‌ನಲ್ಲಿ ಬಿಸಿ ಹೆಚ್ಚಾಗಿ ಹಾರ್ಡ್‌ನೆಸ್ ಇಳಿದಿದೆ" ಎಂದು ಬರೆದು ಕಳಿಸಿದರು. ಸುಟ್ಟಿದ್ದರೆ ನೈಟಾಲ್ ಎಚ್ಚಿಂಗ್‌ನಲ್ಲಿ ಕಪ್ಪು ಕಲೆ ಕಾಣಬೇಕು, ಮಾಡಿಸಿ ನೋಡಿ ಎಂದೆ. ಮಾಡಿಸಿದರು, ಒಂದು ಕಲೆಯೂ ಕಾಣಲಿಲ್ಲ. ಕ್ಷಮೆ ಕೇಳುವ ಪತ್ರವೇನೂ ಬರಲಿಲ್ಲ, ಬರುತ್ತದೆಂದು ನಾನು ಕಾದಿರಲೂ ಇಲ್ಲ.

ನಾನು ಹೇಳುತ್ತಿರುವುದು ಇಷ್ಟೇ. ಸ್ಟಾಕ್ ಎಂಬುದು ಒಂಟಿಯಾಗಿ ನಿರ್ಧರಿಸುವ ಸಂಖ್ಯೆಯಲ್ಲ. ಮೊದಲು ಸ್ಟ್ರೈಟ್‌ನಿಂಗ್ ಆದ ಮೇಲೆ ಎಷ್ಟು ರನ್‌ಔಟ್ ಒಪ್ಪುತ್ತೇವೆ ಎಂದು ಗಟ್ಟಿಮಾಡಿಕೊಳ್ಳಬೇಕು. ಈ ಶಾಫ್ಟಿಗೆ ನಡುಭಾಗದಲ್ಲಿ 0.15 ಎನ್ನಿ. ಅದರ ಮೇಲೆ ವೀಲ್ ಎಲ್ಲ ಕಡೆ ಮುಟ್ಟಿ ಮೇಲ್ಮೈ ಚೊಕ್ಕವಾಗಲು 0.10 ಸೇರಿಸಿದರೆ ಡಯಾದ ಮೇಲೆ 0.25 ಸ್ಟಾಕ್. ಈಗ ಉಬ್ಬಿದ ಬದಿಯಿಂದ ಹೆಚ್ಚೆಂದರೆ 0.20 ಹೋಗುತ್ತದೆ, ತಗ್ಗಿದ ಬದಿಯಿಂದ ಕಡಿಮೆಯೆಂದರೆ 0.05. ಕೊನೆಗೆ 0.7 ಉಳಿಯಲೇಬೇಕಾದರೆ ಫರ್ನೇಸಿನಿಂದ 0.90ಕ್ಕಿಂತ ಕಡಿಮೆ ಬರಬಾರದು, 1.1 ದಾಟಬಾರದೆಂದರೆ 1.15ಕ್ಕಿಂತ ಹೆಚ್ಚು ಬರಬಾರದು. ಒಂದಿಷ್ಟು ಒಳಗೆ ಹಿಡಿದು, ಹೀಟ್ ಟ್ರೀಟ್‌ಮೆಂಟ್ ಚಲನ್‌ನಲ್ಲಿ ಕೇಸ್ 0.95ರಿಂದ 1.10, ರನ್‌ಔಟ್ 0.15ರೊಳಗೆ ಎಂದು ಎರಡು ಸಾಲು ಬರೆದರೆ ಮುಗಿಯಿತು. ಮೂರು ಸಂಖ್ಯೆಗಳೂ ಒಂದೇ ಹಾಳೆಯಲ್ಲಿ ಇರಬೇಕು, ಏಕೆಂದರೆ ಒಂದನ್ನು ಅಲ್ಲಾಡಿಸಿದರೆ ಉಳಿದೆರಡೂ ಅಲ್ಲಾಡುತ್ತವೆ.

ಸ್ಟ್ರೈಟ್‌ನಿಂಗ್ ಎಂದರೆ ಪ್ರೆಸ್ಸಿನಡಿ ಇಟ್ಟು ಒತ್ತಿಬಿಡುವುದಲ್ಲ ಎಂಬುದೂ ನನಗೆ ಗೊತ್ತು. ಗಟ್ಟಿಯಾದ ಕೇಸ್ ಬಗ್ಗುವುದಕ್ಕಿಂತ ಮೊದಲೇ ಬಿರುಕು ಬಿಡುತ್ತದೆ, ಪ್ರೆಸ್ ಹಿಡಿದವನಿಗೆ 'ಟಿಕ್' ಎಂಬ ಸದ್ದು ಕೇಳಿತೆಂದರೆ ಆ ಶಾಫ್ಟನ್ನು ಬದಿಗಿಡಬೇಕು. ಒತ್ತಿ ನೇರ ಮಾಡಿದ್ದನ್ನು ಟೆಂಪರಿಂಗ್ ತಾಪಕ್ಕಿಂತ ಒಂದಿಷ್ಟು ಕೆಳಗೆ, ಉದಾಹರಣೆಗೆ 170ರಲ್ಲಿ ಟೆಂಪರ್ ಆಗಿದ್ದರೆ 150ರಲ್ಲಿ, ಎರಡು ಗಂಟೆ ಇಟ್ಟು ಸ್ಟ್ರೆಸ್ ತೆಗೆದು, ಮ್ಯಾಗ್ನೆಟಿಕ್ ಕ್ರ್ಯಾಕ್ ಟೆಸ್ಟ್ ಮಾಡಿ ಕಳಿಸಬೇಕು. ಇಲ್ಲವಾದರೆ ನನ್ನಲ್ಲಿ ನೇರವಾಗಿ ಗ್ರೈಂಡ್ ಆಗಿ ಹೋದ ಶಾಫ್ಟ್ ಅವರ ಅಸೆಂಬ್ಲಿಯಲ್ಲಿ ಮತ್ತೆ ಬಾಗಿ ಕೂತಿರುತ್ತದೆ, ಅದಕ್ಕೂ ನಾನೇ ಹೊಣೆ.

ಬಾಗುವುದನ್ನೇ ಕಡಿಮೆ ಮಾಡಬಹುದಿತ್ತು ಎಂಬುದು ಇನ್ನೊಂದು ಸಂಕಟ. ಎರಡೂ ಲಾಟುಗಳಲ್ಲಿ ನಾನು ಪ್ರತಿ ಶಾಫ್ಟಿನ ಉಬ್ಬಿದ ಬದಿಗೆ ಸೀಮೆಸುಣ್ಣದ ಗುರುತು ಹಾಕಿಟ್ಟೆ. ಫರ್ನೇಸಿನಲ್ಲಿ ಅಡ್ಡಾದಿಡ್ಡಿ ಪೇರಿಸಿದ್ದೊಂದೇ ಕಾರಣವಾಗಿದ್ದರೆ ಗುರುತುಗಳು ಎಲ್ಲೆಂದರಲ್ಲಿ ಬೀಳಬೇಕಿತ್ತು. ಒಂದೊಂದು ಲಾಟಿನ ನಲವತ್ತರಲ್ಲಿ ಮೂವತ್ತಕ್ಕೂ ಹೆಚ್ಚು ಶಾಫ್ಟುಗಳಲ್ಲಿ ಗುರುತು ಕೀವೇಗೆ ಸಂಬಂಧಿಸಿದಂತೆ ಒಂದೇ ದಿಕ್ಕಿನಲ್ಲಿ ಬಿದ್ದಿತ್ತು. ಒಂದೇ ಬದಿಯಲ್ಲಿ ಕೀವೇ ಕೊರೆದು ಬೆಂಕಿಗೆ ಹಾಕಿದರೆ ಎರಡು ಬದಿ ಒಂದೇ ರೀತಿ ತಣಿಯುವುದಿಲ್ಲ, ಶಾಫ್ಟ್ ಒಂದು ಕಡೆಗೆ ವಾಲುತ್ತದೆ. ಆ ಜಾಗಕ್ಕೆ ಕಾರ್ಬನ್ ಹಿಡಿಯದ ಪೇಂಟ್ ಬಳಿದು, ಹೀಟ್ ಟ್ರೀಟ್‌ಮೆಂಟ್ ಆದ ಮೇಲೆ ಕಾರ್ಬೈಡ್ ಕಟರಿನಲ್ಲಿ ಕೀವೇ ಹೊಡೆಯಿರಿ, ರಫ್ ಟರ್ನಿಂಗ್ ಆದೊಡನೆ ಒಮ್ಮೆ 600 ಡಿಗ್ರಿಯ ಮೇಲೆ ಸ್ಟ್ರೆಸ್ ರಿಲೀವ್ ಮಾಡಿಸಿ, ಫರ್ನೇಸಿನಲ್ಲಿ ಮಲಗಿಸದೆ ನೇತುಹಾಕಿಸಿ ಎಂದು ಗುರುತುಗಳ ಫೋಟೊ ಸಮೇತ ಬರೆದುಕೊಟ್ಟೆ. ಖರ್ಚು ಜಾಸ್ತಿಯಾಗುತ್ತದಂತೆ. ಐವತ್ತೇಳು ಶಾಫ್ಟ್ ಗುಜರಿಗೆ ಹೋದದ್ದು ಯಾವ ಖಾತೆಯ ಖರ್ಚೋ ಕಾಣೆ.

ಇವತ್ತು ಬೆಳಗ್ಗೆ ಮೂರನೆಯ ಲಾಟ್ ಬಂತು. ಪ್ರೊಸೆಸ್ ಶೀಟ್ ಬಿಚ್ಚಿ ನೋಡಿದರೆ ಮೂರೂ ಡಯಾಗಳ ಮೇಲೆ 0.4 ಸ್ಟಾಕ್. ಫೋನ್ ಮಾಡಿ ಈ ಸಂಖ್ಯೆ ಎಲ್ಲಿಂದ ಬಂತು ಸರ್ ಎಂದು ಕೇಳಿದೆ. "0.2 ಕಡಿಮೆಯಾಯಿತು, 0.6 ಜಾಸ್ತಿಯಾಯಿತು, ಅದಕ್ಕೇ ಮಧ್ಯದ್ದು ಹಾಕಿದ್ದೇವೆ" ಎಂದರು. ಚಲನ್‌ನಲ್ಲಿ ಕೇಸ್ ಡೆಪ್ತ್ ಮತ್ತೆ ಅದೇ 0.7ರಿಂದ 1.1, ರನ್‌ಔಟ್ ಕಾಲಂ ಖಾಲಿ. ಶಾಫ್ಟುಗಳನ್ನು ಗಾಡಿಯಿಂದ ಇಳಿಸಬೇಡ ಎಂದು ಹುಡುಗನಿಗೆ ಹೇಳಿ, ಡಯಲ್ ಸ್ಟ್ಯಾಂಡ್ ಹಿಡಿದು ಗಾಡಿಯ ಬಳಿಗೇ ಹೋಗುತ್ತಿದ್ದೇನೆ.