ಕಾಣೆಯಾದ ಜೇಬು

ಚೆಕ್ಸ್ ಶರ್ಟ್ ಹಾಕಿಕೊಂಡವರು ಎದುರಿಗೆ ಬಂದರೆ ನನ್ನ ಕಣ್ಣು ಮುಖಕ್ಕೆ ಹೋಗುವುದಿಲ್ಲ, ಪಕ್ಕೆಗೆ ಹೋಗುತ್ತದೆ. ಮುಂಭಾಗದ ಅಡ್ಡಗೆರೆ ಹೊಲಿಗೆ ದಾಟಿ ಬೆನ್ನಿಗೆ ನೇರವಾಗಿ ಹೋಯಿತೋ, ಇಲ್ಲ ಮೆಟ್ಟಿಲು ಹತ್ತಿತೋ? ನೋಡಿಸಿಕೊಂಡವರು ಗುಂಡಿ ಬಿಚ್ಚಿದೆಯೇನೋ ಎಂದು ಮುಟ್ಟಿ ನೋಡಿಕೊಳ್ಳುವುದೂ ಉಂಟು.

ಈ ಚಟ ಅಂಟಿದ್ದು ನನ್ನ ಮೊದಲ ಚೆಕ್ಸ್ ಶರ್ಟಿನಿಂದ. ಸಾದಾ ಬಟ್ಟೆಯಂತೆ ಅದನ್ನೂ ಎರಡು ಪದರ ಮಡಚಿ, ಮೇಲೆ ಕಾಗದದ ನಮೂನೆ ಇಟ್ಟು ಒಂದೇ ಸಲ ಕತ್ತರಿಸಿದ್ದೆ. ಕೆಳಗಿನ ಪದರ ಸದ್ದಿಲ್ಲದೆ ಅರ್ಧ ಸೆಂಟಿಮೀಟರ್ ಜರುಗಿತ್ತು. ಗುಂಡಿ ಹಾಕಿದಾಗ ಎದೆಯ ಮೇಲೆ ಎಡಗಡೆಯ ಗೆರೆ ಒಂದು ಕಡೆ, ಬಲಗಡೆಯದು ಇನ್ನೊಂದು ಕಡೆ. ಯಾರೂ ಏನೂ ಹೇಳಲಿಲ್ಲ. ಗುಂಡಿ ತಪ್ಪಿ ಹಾಕಿಕೊಂಡಿದ್ದೀನಿ ಅಂದುಕೊಂಡಿರಬೇಕು.

ಈಗ ಬಟ್ಟೆಯನ್ನು ಒಂದೇ ಪದರವಾಗಿ ಹಾಸುತ್ತೇನೆ. ಮೊದಲು ಒಂದು ಮುಂಭಾಗ ಮಾತ್ರ ಕತ್ತರಿಸುತ್ತೇನೆ. ದಪ್ಪ ಉದ್ದಗೆರೆ ಗುಂಡಿಗಳ ಸಾಲಿನ ನಡುಗೆರೆಯ ಮೇಲೆ ಬರಬೇಕು. ಬಟ್ಟೆಯ ಅಂಚಿನ ಮೇಲಲ್ಲ, ಏಕೆಂದರೆ ಗುಂಡಿ ಹಾಕಿದಾಗ ಒಂದರ ಮೇಲೊಂದು ಕೂರುವುದು ಎರಡು ನಡುಗೆರೆಗಳು. ಆಮೇಲೆ ಕತ್ತರಿಸಿದ ತುಂಡನ್ನು ಬೋರಲು ಹಾಕಿ ಉಳಿದ ಬಟ್ಟೆಯ ಮೇಲೆ ಗೆರೆಗೆ ಗೆರೆ ಕೂರಿಸುತ್ತಾ ಹೋಗುತ್ತೇನೆ. ಎರಡು ಕಡೆಯೂ ಬಣ್ಣ ಕಾಣುವ, ಎಡಬಲ ಒಂದೇ ಥರ ಇರುವ ಚೆಕ್ಸ್ ಆದರೆ ಒಂದು ಗಳಿಗೆಯಲ್ಲಿ ಆ ತುಂಡು ಮಾಯವಾಗುತ್ತದೆ. ಅಂಚು ಎಲ್ಲಿದೆ ಅಂತ ಬೆರಳಾಡಿಸಿ ಹುಡುಕಬೇಕು. ಸರಿಯಾಗಿ ಕೂತಿದೆ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ಇನ್ನು ಬೆನ್ನು. ನನ್ನ ಈಚಿನ ಶರ್ಟಿನಲ್ಲಿ ಕೆಂಪು ಗೆರೆ 6 ಸೆಂಟಿಮೀಟರಿಗೊಮ್ಮೆ ಬರುತ್ತಿತ್ತು. ಮುಂಭಾಗದ ಪಕ್ಕೆಯಲ್ಲಿ, ಕೆಳಗಿನ ತುದಿಯಿಂದ 2 ಸೆಂಟಿಮೀಟರ್ ಮೇಲೆ, ಅದು ಹೊಲಿಗೆಯ ಗೆರೆಯನ್ನು ದಾಟಿತ್ತು. ಬೆನ್ನಿನ ಪಕ್ಕೆಯಲ್ಲೂ ಅಷ್ಟೇ ಎತ್ತರದಲ್ಲಿ ದಾಟಬೇಕು. ಅದಕ್ಕಾಗಿ ಬೆನ್ನಿನ ಕಾಗದವನ್ನು ಮೇಲೆ ಕೆಳಗೆ ಸರಿಸಬೇಕಾಗುತ್ತದೆ, ಹೆಚ್ಚೆಂದರೆ ಒಂದು ಚೌಕದಷ್ಟು. ಚೆಕ್ಸ್ ಬಟ್ಟೆ ಜಾಸ್ತಿ ಬೇಕಾಗುವುದು ಇದಕ್ಕೇ. ಒಂದೊಂದು ದೊಡ್ಡ ತುಂಡಿಗೂ ಒಂದು ಚೌಕದ ಉದ್ದ ಸೇರಿಸಿ ಲೆಕ್ಕ ಹಾಕಿದರೆ ಆಮೇಲೆ ಪರದಾಡಬೇಕಿಲ್ಲ.

ಅಳೆಯುವುದು ಹೊಲಿಗೆಯ ಗೆರೆಯಲ್ಲಿ, ಕತ್ತರಿಸಿದ ಅಂಚಿನಲ್ಲಲ್ಲ. ಬೆನ್ನಿನ ನಡುವೆ ಉದ್ದ ಹೊಲಿಗೆ ಇದ್ದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಅಂಚಿಗೆ ಅಂಚು ತಾಗಿಸಿದಾಗ ಚೌಕ ಪೂರ್ತಿ ಕಂಡಿತೆಂದು ಬೀಗಿದರೆ, ಎರಡೂ ಕಡೆ ಒಂದೂವರೆಯಂತೆ 3 ಸೆಂಟಿಮೀಟರ್ ಹೊಲಿಗೆಯೊಳಗೆ ಹೋಗಿ 6ರ ಚೌಕ 3ಕ್ಕೆ ಇಳಿಯುತ್ತದೆ. ಬೆನ್ನಿನ ನಡುವೆ ಒಂದು ಬಡಕಲು ಚೌಕ.

ಇಷ್ಟು ಮಾಡಿದರೂ ಮೆಷಿನ್ ಕೈಕೊಡುತ್ತದೆ. ಕೆಳಗಿನ ಹಲ್ಲುಗಳು ಅಡಿಯ ಪದರವನ್ನು ಮುಂದಕ್ಕೆ ಎಳೆಯುತ್ತವೆ, ಮೇಲಿನ ಪಾದ ಮೇಲಿನ ಪದರವನ್ನು ಹಿಡಿದು ನಿಲ್ಲಿಸುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಬುಡದಲ್ಲಿ ಕೂಡಿದ್ದ ಗೆರೆಗಳು ಕಂಕುಳು ತಲುಪುವ ಹೊತ್ತಿಗೆ ಬೇರೆ ಬೇರೆ. ಅದಕ್ಕೇ ಒಂದೊಂದು ದಪ್ಪ ಗೆರೆಗೂ ಒಂದೊಂದು ಗುಂಡುಪಿನ್ನು. ಮೇಲಿನ ಪದರದಲ್ಲಿ ಗೆರೆಯೂ ಹೊಲಿಗೆಯೂ ಕೂಡುವ ಕಡೆ ನೆಟ್ಟಗೆ ಚುಚ್ಚಿ, ತಿರುಗಿಸಿ ನೋಡುತ್ತೇನೆ. ಮೊನೆ ಅಡಿಯ ಪದರದ ಅದೇ ಗೆರೆಯಲ್ಲಿ ಹೊರಬಂದಿರಬೇಕು. ಬಂದಿದ್ದರೆ ಪಿನ್ನನ್ನು ಹೊಲಿಗೆಗೆ ಅಡ್ಡಲಾಗಿ ಮಲಗಿಸುತ್ತೇನೆ, ಇಲ್ಲದಿದ್ದರೆ ಮತ್ತೆ ಶುರು. ಸೂಜಿ ಹತ್ತಿರ ಬಂದ ಮೇಲೆಯೇ ತೆಗೆಯುವುದು. ಜಾರುವ ಬಟ್ಟೆಗೆ ಪಿನ್ನನ್ನೂ ನಂಬುವುದಿಲ್ಲ, ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿಬಿಡುತ್ತೇನೆ.

ತೋಳಿನ ಜೊತೆ ಮಾತ್ರ ರಾಜಿ. ತೋಳಿನ ಮೇಲ್ಭಾಗದ ಬಾಗು ಬೇರೆ, ಅದು ಕೂರುವ ಸುತ್ತಿನ ಬಾಗು ಬೇರೆ. ಹಾಗಾಗಿ ಸುತ್ತ ಎಲ್ಲ ಕಡೆ ಗೆರೆ ಕೂಡುವುದಿಲ್ಲ. ಮುಂಭಾಗದ ಗುರುತಿನ ಹತ್ತಿರ ಕೂಡಿಸಿ, ಹಿಂದಿನದನ್ನು ಅದರ ಪಾಡಿಗೆ ಬಿಟ್ಟುಬಿಡುತ್ತೇನೆ. ಎದೆಯ ಪಕ್ಕದಲ್ಲಿ ಡಾರ್ಟ್, ಅಂದರೆ ಮೈಗೆ ಹೊಂದಲೆಂದು ಮೊನೆಯಾಗಿ ಮಡಚಿ ಹೊಲಿದ ಮಡಿಕೆ, ಇರುವ ಉಡುಪಿನಲ್ಲೂ ಅಷ್ಟೇ. ಡಾರ್ಟ್ ಮುಂಭಾಗದ ಬಟ್ಟೆಯನ್ನಷ್ಟೇ ನುಂಗುವುದರಿಂದ ಅದರಿಂದ ಮೇಲಕ್ಕೆ ಪಕ್ಕೆಯ ಗೆರೆ ತಪ್ಪುತ್ತದೆ, ಕೆಳಗಿನದು ಕೂಡಿದರೆ ಸಾಕು.

ಕೊನೆಗೆ ಜೇಬು. ಕಾಗದದ ನಮೂನೆಯನ್ನು ಜೇಬು ಬರುವ ಜಾಗದಲ್ಲೇ ಇಟ್ಟು, ಅಡಿಯ ಗೆರೆಗಳು ಅದರ ಅಂಚನ್ನು ಮುಟ್ಟುವ ಕಡೆಯೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿ, ಅದೇ ಗುರುತಿಗೆ ಬಟ್ಟೆ ಹೊಂದಿಸಿ ಕತ್ತರಿಸಿದೆ. ಅರ್ಧ ದಿನ ಹಿಡಿಯಿತು. ಶರ್ಟ್ ತೊಟ್ಟು ಮನೆಯವರ ಮುಂದೆ ಎದೆಯುಬ್ಬಿಸಿ ನಿಂತೆ. ಮೇಲಿಂದ ಕೆಳಗೆ ನೋಡಿ ಕೇಳಿದ್ದು ಒಂದೇ ಮಾತು:

"ಚೆನ್ನಾಗಿದೆ. ಆದ್ರೆ ಜೇಬು ಇಡೋದು ಮರೆತುಹೋಯ್ತಾ?"