ಅಂಕಿ ಮತ್ತು ಮಾತು: ಎರಡನ್ನೂ ಒಂದೇ ಕೋಷ್ಟಕದಲ್ಲಿ ಹೆಣೆಯಲೇಬೇಕೆ?

ಪ್ರಶ್ನೆ ಇಷ್ಟು: ಸಮೀಕ್ಷೆಯನ್ನೂ ಸಂದರ್ಶನವನ್ನೂ ಬಳಸುವ ಮಿಶ್ರ ವಿಧಾನದ ಅಧ್ಯಯನವೊಂದು ಎರಡರ ಫಲಿತಾಂಶಗಳನ್ನು ಎದುರುಬದುರು ಇಟ್ಟು, ಸಾಲು ಸಾಲಾಗಿ ಹೋಲಿಸಿ ತೋರಿಸಬೇಕು ಎಂದು ಕಡ್ಡಾಯ ಮಾಡಬೇಕೆ?

ಪರ: ಹೋಲಿಸದಿದ್ದರೆ ಅದು ಒಂದೇ ರಟ್ಟಿನೊಳಗಿನ ಎರಡು ಅಧ್ಯಯನ

"ಮಿಶ್ರ ವಿಧಾನ" ಎಂದು ಶೀರ್ಷಿಕೆಯಲ್ಲಿ ಬರೆದುಕೊಂಡ ಪ್ರಬಂಧವನ್ನು ಪರೀಕ್ಷಿಸಲು ಒಂದು ಸುಲಭದ ದಾರಿ ಇದೆ. ಸಂದರ್ಶನದ ಅಧ್ಯಾಯವನ್ನು ಪೂರ್ತಿ ಪಕ್ಕಕ್ಕಿಟ್ಟು ಸಮೀಕ್ಷೆಯ ಅಧ್ಯಾಯವನ್ನೂ ಕೊನೆಯ ತೀರ್ಮಾನವನ್ನೂ ಮತ್ತೆ ಓದಿ. ಒಂದು ವಾಕ್ಯವನ್ನೂ ಬದಲಿಸಬೇಕಾಗಿ ಬರದಿದ್ದರೆ ಅಲ್ಲಿ ಮಿಶ್ರಣ ನಡೆದೇ ಇಲ್ಲ. ನಾಲ್ಕನೇ ಅಧ್ಯಾಯ ಸಮೀಕ್ಷೆ, ಐದನೆಯದು ಸಂದರ್ಶನ, ಆರರಲ್ಲಿ "ಎರಡೂ ಪರಸ್ಪರ ಪೂರಕವಾಗಿವೆ" ಎಂಬ ಒಂದು ಪ್ಯಾರಾ. ನಮ್ಮ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳನ್ನು ಓದುವವರಿಗೆ ಈ ಅಚ್ಚು ಚೆನ್ನಾಗಿ ಗೊತ್ತು.

ಇದರಿಂದ ಆಗುವ ನಷ್ಟ ಏನೆಂದು ತಿಳಿಯಲು ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ನಡೆದ ಒಂದು ಪ್ರಯೋಗವನ್ನು ನೋಡಬೇಕು. ಅದರ ವಿವರಗಳನ್ನು ಸುಝಾನ್ ಮೊಫಾಟ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದರು. 60 ವರ್ಷ ದಾಟಿದ 126 ಮಂದಿಯನ್ನು ನಾಲ್ಕು ಕುಟುಂಬ ವೈದ್ಯರ ಕ್ಲಿನಿಕ್‌ಗಳ ಮೂಲಕ ಆರಿಸಿ, ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ, ಅವರಿಗೆ ಸಿಗಬೇಕಾದ ಸರ್ಕಾರಿ ಸವಲತ್ತುಗಳನ್ನು ಪಡೆಯುವ ಬಗ್ಗೆ ಕೂಡಲೇ ಸಲಹೆ ಕೊಟ್ಟರು. ಇನ್ನೊಂದು ಗುಂಪಿಗೆ ಅದೇ ಸಲಹೆ ಆರು ತಿಂಗಳ ನಂತರ. ಆರೋಗ್ಯ ಮತ್ತು ಜೀವನಮಟ್ಟವನ್ನು ಎಸ್‌ಎಫ್-36ರಂಥ ಸಿದ್ಧ ಪ್ರಶ್ನಾವಳಿಗಳಿಂದ ಅಳೆದಾಗ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಅವರಲ್ಲೇ 25 ಮಂದಿಯ ಜತೆ ಕೂತು ಮಾತಾಡಿದಾಗ, ಸಲಹೆಯಿಂದ ಹಲವು ಬಗೆಯಲ್ಲಿ ಒಳ್ಳೆಯದಾಗಿದೆ ಎಂಬ ಚಿತ್ರ ಸಿಕ್ಕಿತು.

ಇವೆರಡನ್ನು ಬೇರೆಬೇರೆ ಲೇಖನಗಳಾಗಿ ಮಾತ್ರ ಪ್ರಕಟಿಸಿದ್ದರೆ ಯೋಜನೆಯನ್ನು ನಿಲ್ಲಿಸಬೇಕೆನ್ನುವವರು ಒಂದನ್ನು, ಮುಂದುವರಿಸಬೇಕೆನ್ನುವವರು ಇನ್ನೊಂದನ್ನು ಹಿಡಿದು ವಾದಿಸುತ್ತಿದ್ದರು. ತಂಡ ಅಷ್ಟಕ್ಕೇ ನಿಲ್ಲಲಿಲ್ಲ. ವಿರೋಧವನ್ನೇ ವಿಷಯವಾಗಿಸಿಕೊಂಡು ಅದನ್ನು ಆರು ದಿಕ್ಕಿನಿಂದ ಕೆದಕಿತು. ಎರಡೂ ವಿಧಾನ ಮೂಲದಲ್ಲೇ ಬೇರೆಯೇ? ಪ್ರತಿಯೊಂದನ್ನೂ ಕಟ್ಟುನಿಟ್ಟಾಗಿ ಮಾಡಲಾಗಿದೆಯೇ? ಆ 25 ಮಂದಿ ಉಳಿದವರ ಹಾಗೇ ಇದ್ದರೇ? ಇನ್ನಷ್ಟು ದತ್ತಾಂಶ ಸೇರಿಸಿದರೆ ಚಿತ್ರ ಬದಲಾಗುತ್ತದೆಯೇ? ಸಲಹಾ ಸೇವೆ ಅಂದುಕೊಂಡಂತೆ ನಡೆಯಿತೇ? ಕೊನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಫಲವತ್ತಾದದ್ದು: ಪ್ರಶ್ನಾವಳಿ ಅಳೆದದ್ದನ್ನೇ ಜನ ಹೇಳುತ್ತಿದ್ದರೇ? ಎಸ್‌ಎಫ್-36 ಕೇಳುವುದು ಮೆಟ್ಟಿಲು ಹತ್ತಬಲ್ಲಿರಾ, ನೋವಿದೆಯೇ, ಆಯಾಸವೇ ಎಂಬಂಥ ಪ್ರಶ್ನೆಗಳನ್ನು. ಬಹುಕಾಲದ ಕಾಯಿಲೆ ಇರುವ ಹಿರಿಯರಿಗೆ ಸ್ವಲ್ಪ ಹಣ ಬಂದ ಮಾತ್ರಕ್ಕೆ ಮಂಡಿನೋವು ಹೋಗುವುದಿಲ್ಲ. ಬಿಲ್ ಕಟ್ಟುವ ಚಿಂತೆ ತಗ್ಗುತ್ತದೆ, ಬೇಕಾದದ್ದನ್ನು ಕೊಳ್ಳುವ ಧೈರ್ಯ ಬರುತ್ತದೆ. ಅದನ್ನು ಹಿಡಿಯುವ ಪ್ರಶ್ನೆ ಆ ಪಟ್ಟಿಯಲ್ಲಿ ಇರಲಿಲ್ಲ. "ಪರಿಣಾಮ ಇಲ್ಲ" ಎಂಬ ಮಾತು "ನಾವು ಅಳೆದ ಜಾಗದಲ್ಲಿ ಕಾಣಲಿಲ್ಲ" ಎಂದು ಬದಲಾಗುವುದು ಎದುರುಬದುರು ಇಟ್ಟಾಗ ಮಾತ್ರ.

ಇದನ್ನು ಕೈಯಲ್ಲಿ ಮಾಡುವುದು ಹೇಗೆ? ಒಂದು ಜಂಟಿ ಕೋಷ್ಟಕ ಸಾಕು. ಪ್ರತಿ ಸಾಲಿಗೆ ಒಂದು ವಿಷಯ: "ಹಣದ ಚಿಂತೆ", "ದೈಹಿಕ ಆರೋಗ್ಯ", "ಸವಲತ್ತು ಬರಲು ಹಿಡಿದ ಸಮಯ". ಮೊದಲ ಕಂಬದಲ್ಲಿ ಸಮೀಕ್ಷೆಯ ಅಂಕಿ, ಎರಡನೆಯದರಲ್ಲಿ ಸಂದರ್ಶನದ ತಿರುಳು, ಮೂರನೆಯದರಲ್ಲಿ ತೀರ್ಪು: ಎರಡೂ ಒಪ್ಪುತ್ತವೆ, ಭಾಗಶಃ ಒಪ್ಪುತ್ತವೆ, ವಿರುದ್ಧವಾಗಿವೆ, ಅಥವಾ ಒಂದು ಕಡೆ ಮಾತಿದೆ, ಇನ್ನೊಂದು ಕಡೆ ಮೌನ. ಮೌನದ ಸಾಲುಗಳನ್ನು ಕಡೆಗಣಿಸಬೇಡಿ. ಸಮೀಕ್ಷೆಯಲ್ಲಿ ಕೇಳದೇ ಬಿಟ್ಟದ್ದು ಏನು ಎಂಬುದನ್ನು ತೋರಿಸುವುದು ಆ ಸಾಲುಗಳೇ. ನಾಲ್ಕನೇ ಕಂಬದಲ್ಲಿ, ಈ ಸಾಲಿನಿಂದಾಗಿ ತೀರ್ಮಾನದಲ್ಲಿ ಏನು ತಿದ್ದಿದಿರಿ ಎಂದು ಬರೆಯಬೇಕು. ಅದು ಖಾಲಿ ಉಳಿದರೆ ಕೋಷ್ಟಕ ಬರೀ ಅಲಂಕಾರ.

ಈ ಕೆಲಸ ಕೊನೆಯಲ್ಲಿ ಕೈಕೊಡುವುದು ಸಾಮಾನ್ಯವಾಗಿ ಮೊದಲ ತಿಂಗಳಲ್ಲಿ ಮಾಡಿದ ತಪ್ಪಿನಿಂದ. ಸಮೀಕ್ಷೆಯಲ್ಲಿ ಪ್ರತಿಯೊಬ್ಬರಿಗೂ ಕೊಟ್ಟ ಗುರುತಿನ ಸಂಖ್ಯೆಯನ್ನು ಸಂದರ್ಶನಕ್ಕೆ ಒಯ್ಯುವುದಿಲ್ಲ. ಗೌಪ್ಯತೆಯ ಹೆಸರಿನಲ್ಲಿ ಹೆಸರು-ಸಂಖ್ಯೆಯ ಪಟ್ಟಿಯನ್ನು ಬೇಗ ನಾಶಮಾಡುತ್ತಾರೆ. ಆಮೇಲೆ ಈ ಮಾತಾಡಿದ ಅಜ್ಜಿಯ ಅಂಕ ಎಷ್ಟಿತ್ತು ಎಂದು ಯಾರೂ ಹೇಳಲಾರರು. ಎರಡನ್ನೂ ಜೋಡಿಸುತ್ತೇವೆ ಎಂದು ಒಪ್ಪಿಗೆ ಪತ್ರದಲ್ಲೇ ತಿಳಿಸಿ, ಪಟ್ಟಿಯನ್ನು ಬೀಗದಲ್ಲಿಟ್ಟು, ಜೋಡಣೆ ಮುಗಿದ ಮೇಲೆ ನಾಶಮಾಡಿದರೆ ಗೌಪ್ಯತೆಗೂ ಧಕ್ಕೆಯಿಲ್ಲ. ನಿಯಮ ಇಲ್ಲದಿದ್ದರೆ ಇದನ್ನು ಯಾರೂ ಮೊದಲೇ ಯೋಚಿಸುವುದಿಲ್ಲ. ಆದ್ದರಿಂದಲೇ ಹೋಲಿಕೆ ಕಡ್ಡಾಯವಾಗಲಿ ಎನ್ನುತ್ತೇನೆ.

ವಿರೋಧ: ಹೆಣೆಯುವ ಜಾಗ ಕೋಷ್ಟಕವಲ್ಲ, ಪ್ರಶ್ನೆ

ಪಕ್ಕಪಕ್ಕ ಇಟ್ಟು ಕೈತೊಳೆದುಕೊಳ್ಳುವ ಪ್ರಬಂಧಗಳನ್ನು ನಾನೂ ಸಮರ್ಥಿಸುವುದಿಲ್ಲ. ನನ್ನ ಆಕ್ಷೇಪ ಕಡ್ಡಾಯದ ಕೋಷ್ಟಕಕ್ಕೆ. ಅದನ್ನು ತುಂಬಲೇಬೇಕು ಎಂದಾದ ಕೂಡಲೇ ಸಂದರ್ಶನವನ್ನು ಅಂಕಿಯ ಆಕಾರಕ್ಕೆ ಬಗ್ಗಿಸುವ ಒತ್ತಡ ಶುರುವಾಗುತ್ತದೆ.

ಮೊದಲು ಆಗುವುದು ಎಣಿಕೆ. 25 ಸಂದರ್ಶನಗಳಲ್ಲಿ 15 ಮಂದಿ "ಚಿಂತೆ ಕಡಿಮೆಯಾಯಿತು" ಎಂದರು ಅಂದುಕೊಳ್ಳಿ. ಕೋಷ್ಟಕದ ಎಡಗಡೆ ಶೇಕಡಾವಾರು ಇರುವುದರಿಂದ ಬಲಗಡೆಯೂ "ಶೇ. 60" ಎಂದು ಬಂದು ಕೂರುತ್ತದೆ. ಈ ಅರವತ್ತು ಏನನ್ನೂ ಹೇಳುವುದಿಲ್ಲ. ಅವರನ್ನು ಚೀಟಿ ಎತ್ತಿ ಆರಿಸಿದ್ದರೂ ನಿಜವಾದ ಪ್ರಮಾಣ ಸುಮಾರು 41ರಿಂದ 79ರವರೆಗೆ ಎಲ್ಲಾದರೂ ಇರಬಹುದಿತ್ತು. ಸಂದರ್ಶನಕ್ಕೆ ಜನರನ್ನು ಹಾಗೆ ಆರಿಸುವುದೂ ಇಲ್ಲ. ಬೇರೆಬೇರೆ ಅನುಭವ ಸಿಗಲಿ ಎಂದು ಉದ್ದೇಶಪೂರ್ವಕವಾಗಿಯೇ ಆರಿಸುತ್ತೇವೆ. ಇನ್ನೂ ದೊಡ್ಡ ತೊಂದರೆ ಉಳಿದ ಹತ್ತು ಮಂದಿಯದು. ಸಮೀಕ್ಷೆಯಲ್ಲಿ ಎಲ್ಲರಿಗೂ ಅದೇ ಪ್ರಶ್ನೆ ಹೋಗುತ್ತದೆ, ಆದ್ದರಿಂದ "ಇಲ್ಲ" ಎಂದರೆ ಇಲ್ಲ. ಮುಕ್ತ ಸಂದರ್ಶನದಲ್ಲಿ ಮಾತು ಮಗಳ ಮದುವೆಯ ಕಡೆಗೋ ಆಸ್ಪತ್ರೆಯ ಕಡೆಗೋ ಹರಿದು ಆ ವಿಷಯ ಬರದೇ ಹೋಗಿರಬಹುದು. ಹೇಳದಿರುವುದು ಇಲ್ಲದಿರುವುದಲ್ಲ.

ಎರಡನೆಯದು ಇನ್ನೂ ಸೂಕ್ಷ್ಮ. ಸಮೀಕ್ಷೆಯ ಫಲಿತಾಂಶ ಕೈಗೆ ಬಂದ ಮೇಲೆ, ಅದರ ತಲೆಬರಹಗಳನ್ನೇ ಸಾಲುಗಳಾಗಿ ಮಾಡಿಕೊಂಡು ಸಂದರ್ಶನದ ಮಾತುಗಳನ್ನು ಅವುಗಳಡಿ ವಿಂಗಡಿಸುವ ಅಭ್ಯಾಸ. ಪರವಾದಿಗಳು ನ್ಯೂಕಾಸಲ್ ಅನ್ನು ತಮ್ಮ ಸಾಕ್ಷಿ ಎಂದು ಕರೆದಿದ್ದಾರೆ. ಅಲ್ಲಿ ಮಾತುಗಳನ್ನು ಎಸ್‌ಎಫ್-36ರ "ದೈಹಿಕ ಕಾರ್ಯ", "ನೋವು", "ಚೈತನ್ಯ" ಎಂಬ ಗೂಡುಗಳಿಗೆ ತುಂಬಿಸಿದ್ದರೆ ಏನಾಗುತ್ತಿತ್ತು? ಬಿಲ್ ಕಟ್ಟುವ ನೆಮ್ಮದಿ ಯಾವ ಗೂಡಿಗೂ ಹೊಂದದೆ "ಇತರೆ" ಆಗುತ್ತಿತ್ತು, ಎರಡೂ ವಿಧಾನ "ಒಪ್ಪಿದಂತೆ" ಕಾಣುತ್ತಿತ್ತು. ವಿರೋಧ ಕಣ್ಣಿಗೆ ಬೀಳಬೇಕಾದರೆ ಸಂದರ್ಶನವು ಅಂಕಿಯ ಹಂಗಿಲ್ಲದೆ ಮೊದಲು ತನ್ನದೇ ವಿಶ್ಲೇಷಣೆಯನ್ನು ಮುಗಿಸಿರಬೇಕು. ಇಂಥ ಅಕಾಲದ ಬೆಸುಗೆಯನ್ನು ಪತ್ತೆಹಚ್ಚುವ ಲಕ್ಷಣ ಒಂದಿದೆ: ಎಲ್ಲ ಸಾಲುಗಳಲ್ಲೂ "ಒಪ್ಪುತ್ತವೆ" ಎಂದಿದ್ದು, ಪ್ರತಿ ಸಾಲಿಗೂ ಒಂದೊಂದೇ ಉಲ್ಲೇಖವಿದ್ದರೆ ಅನುಮಾನಿಸಿ.

ಹಾಗಾದರೆ ಹೆಣಿಗೆ ಎಲ್ಲಿ ನಡೆಯಬೇಕು? ಉತ್ತರ ಭಾರತದ ಶೌಚಾಲಯಗಳ ಅಧ್ಯಯನ ನೋಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಬಹುಕಾಲ ಕೇಳಿಕೊಂಡು ಬಂದ ಪ್ರಶ್ನೆ ಮನೆಯ ಮಟ್ಟದ್ದು: ನಿಮ್ಮ ಮನೆಯವರು ಸಾಮಾನ್ಯವಾಗಿ ಯಾವ ಬಗೆಯ ಶೌಚಾಲಯ ಬಳಸುತ್ತಾರೆ? ಮನೆಗೆ ಒಂದೇ ಉತ್ತರ. ಹಳ್ಳಿಯಲ್ಲಿ ಕೂತು ಮಾತಾಡಿದರೆ ಈ ಪ್ರಶ್ನೆ ಕುಸಿಯುತ್ತದೆ. ಒಂದೇ ಸೂರಿನಡಿ ಸೊಸೆ ಶೌಚಾಲಯ ಬಳಸಿದರೆ ಮಾವ ಹೊಲಕ್ಕೆ ಹೋಗುತ್ತಾರೆ. ರೈಸ್ ಎಂಬ ಸಂಶೋಧನಾ ಸಂಸ್ಥೆಯವರು ಬಿಹಾರ, ಹರಿಯಾಣ, ಮಧ್ಯಪ್ರದೇಶ, ರಾಜಸ್ಥಾನ ಮತ್ತು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಮಾಡಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಮನೆಯ ಒಬ್ಬೊಬ್ಬರ ಬಗ್ಗೆಯೂ ಬೇರೆಬೇರೆಯಾಗಿ ಕೇಳಿದರು. ಬಳಸಲು ಯೋಗ್ಯವಾದ ಶೌಚಾಲಯವಿದ್ದ ಮನೆಗಳಲ್ಲೂ ಶೇ. 40ಕ್ಕಿಂತ ಹೆಚ್ಚು ಮನೆಗಳಲ್ಲಿ ಒಬ್ಬರಾದರೂ ಬಯಲಿಗೆ ಹೋಗುತ್ತಿದ್ದರು.

ವ್ಯತ್ಯಾಸ ಪ್ರಶ್ನೆಯ ಮಾತಿನಿಂದಲೇ ಬಂದದ್ದೇ ಎಂಬ ಸಂದೇಹವನ್ನೂ ಆಮೇಲೆ ಪರೀಕ್ಷಿಸಿದರು. 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೆಲವು ಮನೆಗಳಿಗೆ ಮನೆಮಟ್ಟದ ಪ್ರಶ್ನೆ, ಕೆಲವಕ್ಕೆ ವ್ಯಕ್ತಿಮಟ್ಟದ ಪ್ರಶ್ನೆ ಎಂದು ಚೀಟಿ ಎತ್ತಿ ಹಂಚಿದರು. ಒಬ್ಬೊಬ್ಬರ ಬಗ್ಗೆ ಕೇಳಿದಾಗ ಬಯಲು ಶೌಚದ ಪ್ರಮಾಣ ಸುಮಾರು 20 ಶೇಕಡಾ ಅಂಶ ಹೆಚ್ಚಾಗಿ ಕಂಡಿತು. ಮನೆಯೊಳಗಿನ ಬದುಕಿನ ಅರಿವು ಇಲ್ಲಿ ಪ್ರಶ್ನಾವಳಿಯ ಒಂದು ಸಾಲಿನೊಳಗೇ ಸೇರಿಹೋಗಿದೆ. ಅದನ್ನು ತೋರಿಸಲು ಎರಡು ಕಂಬದ ಕೋಷ್ಟಕ ಬೇಕಿಲ್ಲ.

ಇನ್ನು ಜನ ಸರ್ಕಾರದ ಸಣ್ಣ ಗುಂಡಿಯ ಶೌಚಾಲಯವನ್ನು ಏಕೆ ಒಲ್ಲರು ಎಂಬ ಪ್ರಶ್ನೆ. ಗುಂಡಿ ಬೇಗ ತುಂಬುತ್ತದೆ ಎಂಬ ಭಯ, ತುಂಬಿದ್ದನ್ನು ಕೈಯಿಂದ ಖಾಲಿ ಮಾಡುವುದು ಅಸ್ಪೃಶ್ಯತೆಗೆ ತಳುಕುಹಾಕಿಕೊಂಡ ಕೆಲಸ, ಅದಕ್ಕೇ ಹಲವು ವರ್ಷ ತುಂಬದಂಥ ಭಾರಿ ಗುಂಡಿ ಬೇಕೆನ್ನುವುದು. ಇದೆಲ್ಲ ದೀರ್ಘ ಸಂದರ್ಶನಗಳಿಂದ ಹೊರಬಂತು. ಜಾತಿಯ ಬಗ್ಗೆ ಹೀಗೆ ಸುತ್ತಿಬಳಸಿ ಬರುವ ಮಾತನ್ನು "ಒಪ್ಪುತ್ತದೆ / ವಿರುದ್ಧ" ಎಂಬ ಒಂದು ಚೌಕಕ್ಕೆ ಇಳಿಸಿದರೆ ವಿವರಣೆಯ ಜೀವವೇ ಹೋಗುತ್ತದೆ. ಅದಕ್ಕೆ ಬೇಕಾದದ್ದು ಇಪ್ಪತ್ತು ಪುಟದ ಜಾಗ.

ಕಡ್ಡಾಯ ಮಾಡಲೇಬೇಕೆಂದಿದ್ದರೆ ಬೇರೊಂದನ್ನು ಮಾಡಿ. ಸಂದರ್ಶನದ ಯಾವ ಮಾತಿನಿಂದ ಸಮೀಕ್ಷೆಯ ಯಾವ ಪ್ರಶ್ನೆ ಹುಟ್ಟಿತು ಅಥವಾ ಬದಲಾಯಿತು, ಹಳೆಯ ಪ್ರಶ್ನೆ ಹೇಗಿತ್ತು, ಹೊಸದು ಹೇಗಿದೆ ಎಂದು ಕೇಳಿ. ಸಮೀಕ್ಷೆ ಮೊದಲು ನಡೆದಿದ್ದರೆ, ಅದರ ಯಾವ ಫಲಿತಾಂಶ ನೋಡಿ ಯಾರನ್ನು ಸಂದರ್ಶನಕ್ಕೆ ಆರಿಸಿದಿರಿ ಎಂದು ಕೇಳಿ; ಲೆಕ್ಕ ಊಹಿಸಿದ್ದಕ್ಕಿಂತ ತೀರ ಬೇರೆಯಾಗಿ ನಡೆದುಕೊಂಡ ಮನೆಗಳಿಗೆ ಹೋದಿರೋ, ಇಲ್ಲಾ ಸುಲಭಕ್ಕೆ ಸಿಕ್ಕವರನ್ನು ಹಿಡಿದಿರೋ ಎಂದು. ಪ್ರಶ್ನಾವಳಿಯೂ ಸಂದರ್ಶನದ ಗೈಡೂ ಒಂದೇ ವಾರ ಅಚ್ಚಾಗಿದ್ದರೆ ಈ ಪ್ರಶ್ನೆಗಳಿಗೆ ಉತ್ತರ ಇರುವುದಿಲ್ಲ. ಕೊನೆಯಲ್ಲಿ ಎಷ್ಟು ಚಂದದ ಕೋಷ್ಟಕ ಹಾಕಿದರೂ ಅದು ತುಂಬಿಬರುವುದಿಲ್ಲ.